ಬೋಲ್ಟ್ ಪಾಸ್ ಆಗುವಾಗ ಎಂಡ್ ಪ್ಲೇಟ್ ದಪ್ಪ ಯಾಕೆ ಬೇಕು?

ಪ್ರಶ್ನೆ: ಪೋರ್ಟಲ್ ಫ್ರೇಮಿನಲ್ಲಿ ರಾಫ್ಟರ್ ಕಂಬಕ್ಕೆ ಸೇರುವ ಜಾಯಿಂಟ್. ಫ್ಯಾಕ್ಟರ್ ಹಾಕಿದ ಮೊಮೆಂಟ್ 210 ಕಿಲೋನ್ಯೂಟನ್ ಮೀಟರ್, ಹಾಂಚ್ ಸೇರಿ ಲಿವರ್ ಆರ್ಮ್ 560 ಎಂಎಂ. ಟೆನ್ಶನ್ ಫ್ಲೇಂಜಿನ ಮೇಲೊಂದು ಸಾಲು, ಕೆಳಗೊಂದು ಸಾಲು, ಒಟ್ಟು ನಾಲ್ಕು ಎಂ20 ಬೋಲ್ಟ್, 8.8 ಗ್ರೇಡ್. ಒಂದು ಬೋಲ್ಟಿಗೆ 94 ಕಿಲೋನ್ಯೂಟನ್ ಬರುತ್ತೆ, ತಡೆಯೋದು 141. ಪ್ಲೇಟ್ 200 ಅಗಲ, 12 ದಪ್ಪ ಕೊಟ್ಟಿದ್ದೆ. ಚೆಕ್ ಮಾಡಿದವರು 20 ಮಾಡಿ ಅಂದ್ರು. ಬೋಲ್ಟ್ ಇಷ್ಟು ಆರಾಮಾಗಿ ಪಾಸ್ ಆಗ್ತಿದೆ, ಪ್ಲೇಟ್ ಯಾಕೆ ದಪ್ಪ ಬೇಕು?

ಉತ್ತರ: ನಿಮ್ಮ 94 ಸರಿಯಾಗಿದೆ. ಆದರೆ ಅದು ರಾಫ್ಟರ್ ಫ್ಲೇಂಜ್ ಎಳೆಯುವ ಬಲವನ್ನು ನಾಲ್ಕು ಭಾಗ ಮಾಡಿದ್ದು ಅಷ್ಟೇ. ಬೋಲ್ಟಿನೊಳಗೆ ನಿಜವಾಗಿ ಎಷ್ಟು ಬಲ ಬರುತ್ತೆ ಅನ್ನೋದನ್ನು ಪ್ಲೇಟ್ ತೀರ್ಮಾನ ಮಾಡುತ್ತೆ. ಪ್ಲೇಟ್ ತೆಳುವಾದಷ್ಟೂ ಬೋಲ್ಟಿಗೆ ಹೊರೆ ಜಾಸ್ತಿ.

ಫ್ಲೇಂಜಿನ ಮೇಲೆ ಚಾಚಿಕೊಂಡಿರುವ ಪ್ಲೇಟಿನ ತುಂಡನ್ನು ಮಾತ್ರ ನೋಡಿ. ಫ್ಲೇಂಜ್ ಅದನ್ನು ಕಂಬದಿಂದ ದೂರಕ್ಕೆ ಎಳೆಯುತ್ತಿದೆ. ಬೋಲ್ಟ್ ಅದನ್ನು ಸ್ವಲ್ಪ ಮೇಲಿನ ಒಂದು ಕಡೆ ಹಿಡಿದಿದೆ. ಹಿಡಿತ ಒಂದು ಕಡೆ, ಎಳೆತ ಇನ್ನೊಂದು ಕಡೆ. ಹಾಗಾಗಿ ಪ್ಲೇಟ್ ಬಾಗುತ್ತದೆ. ಬಾಗಿದಾಗ ಬೋಲ್ಟಿನ ಆಚೆ ಇರುವ ಅಂಚು ಕಂಬಕ್ಕೆ ಒತ್ತಿಕೊಳ್ಳುತ್ತದೆ. ಹಾರೆಯಿಂದ ಕಲ್ಲು ಮೀಟುವಾಗ ಹಾರೆಯ ತುದಿ ನೆಲಕ್ಕೆ ಊರುತ್ತದಲ್ಲ, ಅದೇ ಕೆಲಸ ಇಲ್ಲಿ ಈ ಅಂಚಿನದು. ಆ ಒತ್ತಡಕ್ಕೆ ಎದುರಾಗಿ ನಿಲ್ಲಬೇಕಾದ್ದು ಬೋಲ್ಟೇ. ಹಾಗಾಗಿ ಬೋಲ್ಟಿನ ಮೇಲೆ ಫ್ಲೇಂಜಿನ ಎಳೆತದ ಜೊತೆಗೆ ಈ ಮೀಟುವ ಬಲವೂ ಸೇರುತ್ತದೆ. ಪ್ರೈಯಿಂಗ್ ಅಂತ ಕರೆಯುವುದು ಇದನ್ನೇ.

ಈಗ ಲೆಕ್ಕ. ಎರಡು ಅಳತೆ ಬೇಕು. ಬೋಲ್ಟಿನ ನಡುವಿನಿಂದ ವೆಲ್ಡಿನ ಅಂಚಿನವರೆಗಿನ ದೂರ m. ಬೋಲ್ಟಿನ ನಡುವಿನಿಂದ ಪ್ಲೇಟಿನ ತುದಿಯವರೆಗಿನ ದೂರ n. ನೀವು ಇವೆರಡನ್ನೂ ಹೇಳಿಲ್ಲ. ಎರಡೂ 40 ಎಂಎಂ ಅಂತ ಇಟ್ಟುಕೊಳ್ಳುತ್ತೇನೆ, ಎಂ20ಗೆ ಅದು ಮಾಮೂಲಿ ಅಳತೆ. ಪ್ಲೇಟಿನ ಅಗಲ 200, ಸಾಲಿನಲ್ಲಿ ಎರಡು ಬೋಲ್ಟ್, ಅಂದ್ರೆ ಒಂದು ಬೋಲ್ಟಿನ ಪಾಲಿಗೆ 100 ಎಂಎಂ ಅಗಲದ ಪಟ್ಟಿ. ಉಕ್ಕಿನ ಯೀಲ್ಡ್ 250. ಈ ಪಟ್ಟಿ ಮೂರು ರೀತಿಯಲ್ಲಿ ಸೋಲಬಹುದು. ಯೂರೋಕೋಡ್ 3ರ ಭಾಗ 1-8ರಲ್ಲಿ ಟಿ-ಸ್ಟಬ್ ಅಂತ ಬರುವುದು ಇದೇ ಲೆಕ್ಕ. t ಪ್ಲೇಟಿನ ದಪ್ಪ, Mp ಆ ಪಟ್ಟಿ ಬಾಗದೆ ತಡೆಯುವ ಮೊಮೆಂಟ್, Ft ಬೋಲ್ಟಿನ ತಾಕತ್ತು 141, T ಒಂದು ಬೋಲ್ಟಿನ ಪಾಲಿಗೆ ಜಾಯಿಂಟ್ ತಡೆಯುವ ಎಳೆತ:

```
Mp = 100 × t² × 250 / 4
1)  T = 2 Mp / m
2)  T = (Mp + n Ft) / (m + n)
3)  T = Ft
```

ಒಂದನೆಯದರಲ್ಲಿ ಪ್ಲೇಟ್ ಎರಡು ಕಡೆ ಮಡಚಿಕೊಳ್ಳುತ್ತದೆ, ವೆಲ್ಡಿನ ಹತ್ತಿರ ಒಂದು, ಬೋಲ್ಟಿನ ಸಾಲಿನಲ್ಲಿ ಇನ್ನೊಂದು. ಬೋಲ್ಟ್ ಹಾಗೇ ಇರುತ್ತದೆ. ಎರಡನೆಯದರಲ್ಲಿ ವೆಲ್ಡಿನ ಹತ್ತಿರ ಮಡಚಿ, ಅದರ ಜೊತೆಗೇ ಬೋಲ್ಟ್ ಹರಿಯುತ್ತದೆ. ಮೂರನೆಯದರಲ್ಲಿ ಪ್ಲೇಟ್ ಗಟ್ಟಿ, ಬೋಲ್ಟ್ ಮಾತ್ರ ಹರಿಯುತ್ತದೆ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ಜಾಯಿಂಟಿನ ಶಕ್ತಿ.

ನಿಮ್ಮ 12 ಎಂಎಂ ಹಾಕಿ ನೋಡಿ. Mp 0.9 ಕಿಲೋನ್ಯೂಟನ್ ಮೀಟರ್. ಒಂದನೇ ರೀತಿಯಲ್ಲಿ ಸಿಗುವುದು ಬೋಲ್ಟಿಗೆ 45 ಕಿಲೋನ್ಯೂಟನ್ ಅಷ್ಟೇ. ಬೇಕಾದ್ದು 94. ಬೋಲ್ಟಿಗೆ 141ರ ತಾಕತ್ತಿದ್ದರೂ ಅದನ್ನು ಬಳಸುವಷ್ಟು ಬಲ ಪ್ಲೇಟಿಗೆ ಇಲ್ಲ.

"ಹೊರಗಿನ ಸಾಲು ಕಡಿಮೆ ಹೊತ್ತರೆ ಒಳಗಿನ ಸಾಲು ಉಳಿದದ್ದನ್ನು ಹೊರುತ್ತೆ ಅಲ್ವಾ?" ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಒಳಸಾಲಿಗೆ ಫ್ಲೇಂಜ್, ವೆಬ್ ಎರಡರ ಆಸರೆಯೂ ಇದೆ, ಅಲ್ಲಿ ಪ್ಲೇಟ್ ಗಟ್ಟಿ, ನಿಜಕ್ಕೂ ಅದು ಜಾಸ್ತಿ ಹೊರುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಹೊರಸಾಲು 45ಕ್ಕೆ ನಿಂತರೆ ಒಳಸಾಲಿನ ಪ್ರತಿ ಬೋಲ್ಟೂ 143 ಹೊರಬೇಕು. ಬೋಲ್ಟಿನ ತಾಕತ್ತೇ 141. ಮೀಟುವ ಬಲ ಒಂದಿಷ್ಟೂ ಇಲ್ಲ ಅಂದುಕೊಂಡರೂ ಆಗಲ್ಲ. ಹಾಗಾಗಿ 12 ಎಂಎಂ ಇಲ್ಲಿಗೆ ಮುಗಿಯಿತು.

16ಕ್ಕೆ ಹೋದರೆ ಹೊರಸಾಲಿಗೆ 80 ಸಿಗುತ್ತದೆ. ಸಾಲು ಸಾಲಾಗಿ ಲೆಕ್ಕ ಮಾಡಿ, ಒಳಸಾಲಿಗೆ ಎಷ್ಟು ಸಿಗುತ್ತೆ ಅಂತ ಬಿಡಿಸಿ ನೋಡಿದರೆ ದಾಟಿದರೂ ದಾಟಬಹುದು. ಆದರೆ ಎರಡೂ ಸಾಲಿಗೆ ಸಮ ಪಾಲು ಅಂತ ನೀವು ಮಾಡಿದ ಲೆಕ್ಕದಲ್ಲಿ ಅದು ಪಾಸ್ ಆಗಲ್ಲ.

20 ಎಂಎಂನಲ್ಲಿ ಕಥೆ ಬದಲಾಗುತ್ತದೆ. Mp 2.5. ಒಂದನೇ ರೀತಿಯಲ್ಲಿ 125, ಎರಡನೆಯದರಲ್ಲಿ 102, ಮೂರನೆಯದರಲ್ಲಿ 141. ಕಡಿಮೆ 102, ಬೇಕಾದ್ದು 94. ನಿಮ್ಮನ್ನು ಚೆಕ್ ಮಾಡಿದವರು ಸುಮ್ನೆ ಹೇಳಿದ್ದಲ್ಲ. ಐಎಸ್ 800ರಂತೆ ಪ್ಲೇಟಿನ ಯೀಲ್ಡನ್ನು 1.1ರಿಂದ ಭಾಗಿಸಿದರೂ 99ರ ಹತ್ತಿರ ಬರುತ್ತದೆ, ಆಗಲೂ ನಿಲ್ಲುತ್ತದೆ.

ಇಲ್ಲಿ ಒಂದು ಕ್ಷಣ ನಿಂತು ಬೋಲ್ಟಿನ ಒಳಗೆ ನೋಡಿ. ಎಳೆತ 94, ವೆಲ್ಡಿನ ಹತ್ತಿರ ಪ್ಲೇಟ್ ತಡೆಯುವ ಮೊಮೆಂಟ್ ಹೆಚ್ಚೆಂದರೆ 2.5 ಕಿಲೋನ್ಯೂಟನ್ ಮೀಟರ್. ಎಳೆತ ಹುಟ್ಟಿಸುವ ಮೊಮೆಂಟ್ 94 ಗುಣಿಸು 0.04, ಅಂದ್ರೆ 3.76. ಉಳಿದ 1.26ನ್ನು ಅಂಚಿನ ಒತ್ತಡವೇ ಸರಿದೂಗಿಸಬೇಕು. ಅದನ್ನು n, ಅಂದ್ರೆ 0.04ರಿಂದ ಭಾಗಿಸಿ: 31.5 ಕಿಲೋನ್ಯೂಟನ್. ಬೋಲ್ಟಿನ ಒಟ್ಟು ಬಲ ಸುಮಾರು 125. ನೀವು 94 ಅಂದುಕೊಂಡಿದ್ದ ಬೋಲ್ಟ್ ಇದು! 20 ಎಂಎಂ ಪ್ಲೇಟ್ ಇದ್ದೂ ಮೂರನೇ ಒಂದು ಪಾಲು ಜಾಸ್ತಿ. 141 ಭಾಗಿಸು 94 ನೋಡಿ "ಬೇಕಾದಷ್ಟು ಇದೆ" ಅಂತ ಬೋಲ್ಟನ್ನು ಎಂ16ಕ್ಕೆ ಇಳಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮೀಟುವ ಬಲ ಪೂರ್ತಿ ಹೋಗಬೇಕು ಅಂದ್ರೆ ಆ 3.76ನ್ನು ಪ್ಲೇಟೇ ತಡೆಯಬೇಕು. ಅದಕ್ಕೆ 24.5 ಎಂಎಂ ಬೇಕು, ಅಂದ್ರೆ 25ರ ಪ್ಲೇಟ್. ಬೋಲ್ಟಿನ ಪೂರ್ತಿ 141ನ್ನೂ ಮೀಟುವಿಕೆ ಇಲ್ಲದೆ ಬಳಸಬೇಕು ಅಂದ್ರೆ 30. ಹಾಗಾದ್ರೆ 30 ಹಾಕಿಬಿಟ್ಟರೆ ಒಳ್ಳೇದಾ? ನನಗೆ ಹಾಗನ್ನಿಸುವುದಿಲ್ಲ. ಪ್ಲೇಟ್ ಅಷ್ಟು ಗಟ್ಟಿಯಾದರೆ ಹೊರೆ ಮೀರಿದಾಗ ಬೋಲ್ಟ್ ಮಾತ್ರ ಹರಿಯುತ್ತದೆ, ಅದು ಹೇಳದೆ ಕೇಳದೆ ಹರಿಯುತ್ತದೆ. 20ರ ಪ್ಲೇಟ್ ಅದಕ್ಕಿಂತ ಮುಂಚೆ ಬಾಗಿ ತೋರಿಸುತ್ತದೆ. ನಿಮ್ಮ ಜಾಯಿಂಟಿಗೆ ನಾನಾದರೂ 20 ಹಾಕುತ್ತಿದ್ದೆ.

ಈ ಲೆಕ್ಕದಲ್ಲಿ ದಪ್ಪದಷ್ಟೇ ತೂಕ m ಅಳತೆಗೂ ಇದೆ. ಇದನ್ನು ನಾನು ಒಂದು ಕೆಲಸದಲ್ಲಿ ಕಲಿತೆ. ಡ್ರಾಯಿಂಗಿನಲ್ಲಿ ಎಲ್ಲ ಸರಿಯಾಗಿತ್ತು. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಪಾನ ಆಡಿಸಲು ಜಾಗ ಸಾಲದು ಅಂತ ಮೇಲಿನ ಸಾಲಿನ ತೂತುಗಳನ್ನು 20 ಎಂಎಂ ಮೇಲಕ್ಕೆ ಸರಿಸಿದ್ದರು. ಪ್ಲೇಟನ್ನೂ ಅಷ್ಟೇ ಉದ್ದ ಮಾಡಿದ್ದರು, ಹಾಗಾಗಿ ಅಂಚಿನ ದೂರ ಸರಿಯಾಗೇ ಇತ್ತು. ನಾನು ಮೊದಲು ಅದನ್ನೇ ಅಳೆದು ಸುಮ್ಮನಾದೆ. ರಾತ್ರಿ ಕೂತು ಲೆಕ್ಕ ಮಾಡಿದಾಗ ಎದೆ ಧಸಕ್ ಅಂತು. ನಿಮ್ಮ ಅಳತೆಗಳಲ್ಲೇ ಹೇಳುವುದಾದರೆ m 40ರಿಂದ 60 ಆಯಿತು. ಪ್ಲೇಟ್ ಅದೇ 20, ಬೋಲ್ಟ್ ಅದೇ ಎಂ20, ಆದರೆ ಶಕ್ತಿ 102ರಿಂದ 81ಕ್ಕೆ ಇಳಿಯುತ್ತದೆ. ಪ್ಲೇಟುಗಳೆಲ್ಲ ಆಗಲೇ ವೆಲ್ಡ್ ಆಗಿದ್ದವು. ಕೊನೆಗೆ ಚಾಚಿದ ಭಾಗಕ್ಕೆ, ವೆಬ್ಬಿನ ನೇರಕ್ಕೆ, ಎರಡು ಬೋಲ್ಟುಗಳ ನಡುವೆ ಒಂದು ತ್ರಿಕೋನ ಸ್ಟಿಫ್ನರ್ ಕೂರಿಸಿ ವೆಲ್ಡ್ ಮಾಡಿಸಿದೆವು. ಆಗ ಪ್ಲೇಟ್ ಒಂದೇ ಗೆರೆಯಲ್ಲಿ ಮಡಚಲು ಆಗುವುದಿಲ್ಲ, ಶಕ್ತಿ ಏರುತ್ತದೆ. ಅಂದಿನಿಂದ ನನ್ನ ಡ್ರಾಯಿಂಗಿನಲ್ಲಿ ಫ್ಲೇಂಜಿನಿಂದ ಬೋಲ್ಟಿನ ದೂರಕ್ಕೆ "ಕೇಳದೆ ಬದಲಿಸಬಾರದು" ಅಂತ ಬರೆಯುತ್ತೇನೆ.

ಪ್ಲೇಟ್ ತೆಳುವಾಗಿದೆ ಅನ್ನೋದನ್ನು ನಿಂತಿರುವ ಫ್ರೇಮಿನಲ್ಲೂ ಗುರುತಿಸಬಹುದು. ಫ್ಲೇಂಜಿನ ಎದುರು, ಪ್ಲೇಟಿಗೂ ಕಂಬಕ್ಕೂ ನಡುವೆ ಫೀಲರ್ ಗೇಜ್ ಹೋಗುತ್ತದೆ. ಮೇಲಿನ ತುದಿಯಲ್ಲಿ ಮಾತ್ರ ಹೋಗುವುದಿಲ್ಲ, ಅಲ್ಲಿ ಗಟ್ಟಿಯಾಗಿ ಒತ್ತಿಕೊಂಡಿರುತ್ತದೆ. ವೆಲ್ಡಿನ ಅಂಚಿನುದ್ದಕ್ಕೂ ಪೇಂಟ್ ಕೂದಲಿನ ಹಾಗೆ ಬಿರುಕು ಬಿಟ್ಟಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ನಡುವೆ ಕೂತು ತುದಿಯಲ್ಲಿ ಸಂದು ಇದ್ದರೆ ಅದು ಬೇರೆ ವಿಷಯ. ವೆಲ್ಡ್ ತಣಿಯುವಾಗ ಪ್ಲೇಟನ್ನು ರಾಫ್ಟರ್ ಕಡೆಗೆ ಎಳೆದು ಬಾಗಿಸಿರುತ್ತದೆ.

ಬೋಲ್ಟನ್ನು ಜೋರಾಗಿ ಬಿಗಿದರೆ ಈ ತೊಂದರೆ ಹೋಗುತ್ತಾ ಅಂತ ತುಂಬ ಜನ ಕೇಳುತ್ತಾರೆ. ಬಿಗಿತದಿಂದ ಜಾಯಿಂಟ್ ಬೇಗ ಬಾಯಿ ಬಿಡುವುದಿಲ್ಲ, ಅಲುಗಾಟ ಕಡಿಮೆ. ಆದರೆ ಕೊನೆಯ ಶಕ್ತಿ ಮೇಲಿನ ಮೂರು ಸೂತ್ರಗಳಲ್ಲಿ ಬಂದದ್ದೇ, ಅದು ಏರುವುದಿಲ್ಲ.

ಇನ್ನು ಕಂಬದ ಕಡೆ ನೋಡಿ. ಅದೇ ಬೋಲ್ಟುಗಳು ಕಂಬದ ಫ್ಲೇಂಜನ್ನೂ ಎಳೆಯುತ್ತಿವೆ, ಆ ಫ್ಲೇಂಜೂ ಹೀಗೇ ಬಾಗುತ್ತದೆ. ಎಂಡ್ ಪ್ಲೇಟ್ 20 ಮಾಡಿ ಕಂಬದ ಫ್ಲೇಂಜ್ 11 ಅಥವಾ 12 ಇದ್ದರೆ ಮಡಿಕೆ ಅಲ್ಲಿಗೆ ಹೋಗುತ್ತದೆ ಅಷ್ಟೇ. ಅಲ್ಲಿ ವೆಬ್ಬಿನ ಸುತ್ತ ಮಡಚುವುದರಿಂದ ಪಟ್ಟಿಯ ಅಗಲ ಬೇರೆ ಬರುತ್ತದೆ, ಆದರೆ ಸೂತ್ರ ಇದೇ. ಸಾಲದಿದ್ದರೆ ರಾಫ್ಟರಿನ ಟೆನ್ಶನ್ ಫ್ಲೇಂಜಿನ ನೇರಕ್ಕೆ ಕಂಬದೊಳಗೆ ಸ್ಟಿಫ್ನರ್ ಕೊಡಿ. ಗಾಳಿ ಛಾವಣಿಯನ್ನು ಮೇಲಕ್ಕೆ ಎತ್ತುವ ಲೋಡ್ ಕೇಸಿನಲ್ಲಿ ಮೊಮೆಂಟ್ ತಿರುಗುತ್ತದೆಯಾ ಅಂತಲೂ ನೋಡಿ. ತಿರುಗಿದರೆ ಹಾಂಚಿನ ಕೆಳಗಿನ ಬೋಲ್ಟುಗಳೇ ಎಳೆತಕ್ಕೆ ಸಿಗುತ್ತವೆ, ಅಲ್ಲಿಗೂ ಇದೇ ಲೆಕ್ಕ ಮಾಡಬೇಕು. ಕಂಬದ ಫ್ಲೇಂಜ್ ದಪ್ಪ, m, n ಮೂರನ್ನೂ ಇಲ್ಲಿ ಬರೆದರೆ ಒಳಸಾಲನ್ನೂ ಸೇರಿಸಿ ಮಾಡಿ ತೋರಿಸುತ್ತೇನೆ.