ಫೆಡ್ ಹೇಳಿತು, ಜನ ನಂಬಲಿಲ್ಲ

ಪ್ರಶ್ನೆ: ಕೇಂದ್ರ ಬ್ಯಾಂಕಿನ ಮಾತನ್ನು ಜನ ನಂಬಿದರೆ ಜಾಸ್ತಿ ನಿರುದ್ಯೋಗ ಇಲ್ಲದೆ ಹಣದುಬ್ಬರ ಇಳಿಯುತ್ತದೆ ಅಂತ ನಮ್ಮ ಮೇಷ್ಟ್ರು ಹೇಳ್ತಾರೆ. ಆದರೆ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದ ಪಾಲ್ ವೋಲ್ಕರ್ ಹಣದುಬ್ಬರ ಇಳಿಸ್ತೀವಿ ಅಂತ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೂ ನಿರುದ್ಯೋಗ ಸುಮಾರು 11% ಮುಟ್ಟಿತಲ್ಲ? ಹಾಗಾದ್ರೆ ಆ ಮಾತಿಂದ ಏನು ಬಂತು ಸರ್?
— ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ವೋಲ್ಕರ್ ಮಾತನ್ನು ಶುರುವಿನಲ್ಲಿ ಯಾರೂ ನಂಬಲಿಲ್ಲ, ತೊಂದರೆ ಆಗಿದ್ದು ಅಲ್ಲೇ.

ನಂಬಿಕೆ ಎಲ್ಲಿ ಕೆಲಸ ಮಾಡುತ್ತದೆ ನೋಡಿ. ಆಗ ಅಮೆರಿಕದ ದೊಡ್ಡ ಕಾರ್ಖಾನೆಗಳಲ್ಲಿ ಕಾರ್ಮಿಕ ಸಂಘದ ಜೊತೆ ಸಂಬಳದ ಒಪ್ಪಂದ ಸಾಮಾನ್ಯವಾಗಿ ಮೂರು ವರ್ಷಕ್ಕೆ ಆಗುತ್ತಿತ್ತು. ಮುಂದೆಯೂ ಬೆಲೆ ವರ್ಷಕ್ಕೆ 10% ಏರುತ್ತದೆ ಅಂತ ಎರಡೂ ಕಡೆಯವರು ಅಂದುಕೊಂಡರೆ ಸಂಬಳವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಸಹಿ ಬಿದ್ದ ಮೇಲೆ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿ ಬೇಡಿಕೆ ಕಡಿಮೆ ಮಾಡಿತು ಅನ್ನಿ. ಕಂಪನಿಯ ಖರ್ಚು 10% ಏರಿದೆ, ಮಾಲಿನ ಬೆಲೆ ಅಷ್ಟು ಏರಿಸೋಕೆ ಆಗಲ್ಲ. ಆಗ ಉಳಿಯುವ ದಾರಿ ಜನರನ್ನು ಕೆಲಸದಿಂದ ತೆಗೆಯುವುದು. ಬೆಲೆ 4% ಮಾತ್ರ ಏರುತ್ತದೆ ಅಂತ ಮೊದಲೇ ನಂಬಿದ್ದರೆ ಒಪ್ಪಂದವೇ 5%ಕ್ಕೆ ಮುಗಿಯುತ್ತಿತ್ತು. ಕೆಲಸವೂ ಉಳಿಯುತ್ತಿತ್ತು.

ವೋಲ್ಕರ್ 1979ರ ಆಗಸ್ಟ್‌ನಲ್ಲಿ ಫೆಡರಲ್ ರಿಸರ್ವ್ ಅಧ್ಯಕ್ಷರಾದರು. ಅಕ್ಟೋಬರ್ 6, ಶನಿವಾರ ಸಂಜೆ, ಪತ್ರಕರ್ತರನ್ನು ಕರೆದು ಹೊಸ ನೀತಿ ಘೋಷಿಸಿದರು: ಇನ್ನು ಹಣದ ಪ್ರಮಾಣಕ್ಕೆ ಕಡಿವಾಣ, ಬಡ್ಡಿ ಎಷ್ಟಕ್ಕೆ ಹೋದರೂ ಹೋಗಲಿ. ಆಗ ಹಣದುಬ್ಬರ ಸುಮಾರು 12%. ಜನ ಯಾಕೆ ನಂಬಬೇಕು? ಇಡೀ 70ರ ದಶಕದಲ್ಲಿ ಫೆಡ್ ಬಿಗಿ ಮಾಡುವುದು, ನಿರುದ್ಯೋಗ ಏರಿದ ಕೂಡಲೇ ಸಡಿಲ ಬಿಡುವುದು, ಇದೇ ನಡೆದಿತ್ತು.

1980ರಲ್ಲೂ ಅದೇ ಕಥೆ. ಫೆಡರಲ್ ಫಂಡ್ಸ್ ದರ, ಅಂದರೆ ಬ್ಯಾಂಕುಗಳು ಒಂದಕ್ಕೊಂದು ಒಂದು ರಾತ್ರಿಗೆ ಕೊಡುವ ಸಾಲದ ಬಡ್ಡಿ, ಏಪ್ರಿಲ್‌ನಲ್ಲಿ 17% ದಾಟಿತ್ತು. ಆರ್ಥಿಕ ಹಿಂಜರಿತ ಶುರುವಾಯಿತು. ಜುಲೈ ಹೊತ್ತಿಗೆ ದರ 9%ಕ್ಕೆ ಬಂದಿತ್ತು. "ನೋಡಿದ್ರಾ, ಇವರೂ ಅಷ್ಟೇ" ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ? ನನ್ನ ಪ್ರಕಾರ ವೋಲ್ಕರ್ ಕಾಲದ ಅತಿ ದುಬಾರಿ ತಿಂಗಳುಗಳು ಇವೇ. ಹಣದುಬ್ಬರ ಹಾಗೇ ಉಳಿಯಿತು. 1981ರ ಜನವರಿಯಲ್ಲಿ ದರ ಮತ್ತೆ 19%ಕ್ಕೆ ಹೋಯಿತು.

ಈ ಸಲ ಅವರು ಬಗ್ಗಲಿಲ್ಲ. 1981ರ ಜುಲೈಯಿಂದ 1982ರ ನವೆಂಬರ್‌ವರೆಗೆ ಹಿಂಜರಿತ, ಕೊನೆಗೆ ನಿರುದ್ಯೋಗ 10.8%. ಮನೆ ಕಟ್ಟುವ ಗುತ್ತಿಗೆದಾರರು ಮಾರಾಟವಾಗದ ಮರದ ತುಂಡುಗಳ ಮೇಲೆ ಬಡ್ಡಿ ಇಳಿಸಿ ಅಂತ ಬರೆದು ಫೆಡ್‌ಗೆ ಅಂಚೆಯಲ್ಲಿ ಕಳಿಸಿದರು! ಅಷ್ಟಾದ ಮೇಲೆ, 1982ರಲ್ಲಿ, ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಾರ್ಮಿಕ ಸಂಘ ವಾರ್ಷಿಕ ಸಂಬಳ ಏರಿಕೆ ಬಿಟ್ಟುಕೊಡಲು ಒಪ್ಪಿತು. ಘೋಷಣೆಯಿಂದ ಆಗಬೇಕಾಗಿದ್ದ ಕೆಲಸವನ್ನು ಲೇಆಫ್ ಮಾಡಿಸಿತು.

ಒಟ್ಟು ಎಷ್ಟು ಕಳೆದುಕೊಂಡರು? ಲೆಕ್ಕ ಹಾಕೋಣ. 1982ರಿಂದ 85ರವರೆಗೆ ಸರಾಸರಿ ನಿರುದ್ಯೋಗ 9.7, 9.6, 7.5, 7.2%. ಮಾಮೂಲಿ ಕಾಲದಲ್ಲಿ 6% ಇರುತ್ತದೆ ಅಂದುಕೊಂಡರೆ, ನಾಲ್ಕು ವರ್ಷದಲ್ಲಿ ಹೆಚ್ಚಾದದ್ದು ಒಟ್ಟು 10 ಅಂಶ. ಒಂದು ಅಂಶಕ್ಕೆ ಸುಮಾರು 2% ಉತ್ಪಾದನೆ ನಷ್ಟ ಅಂತ ಹಿಡಿದರೆ, ಒಂದು ವರ್ಷದ ಜಿಡಿಪಿಯ 20% ಹೋಯಿತು. ಹಣದುಬ್ಬರ ಇಳಿದದ್ದು 1981ರ 10.3ರಿಂದ 1985ರ 3.6ಕ್ಕೆ, ಅಂದರೆ 6.7 ಅಂಶ. ಹಾಗಾಗಿ ಒಂದು ಅಂಶ ಇಳಿಸಲು ಸುಮಾರು 3% ಜಿಡಿಪಿ. ಇದನ್ನೇ ಸ್ಯಾಕ್ರಿಫೈಸ್ ರೇಶಿಯೊ ಅನ್ನುವುದು. 6ರ ಬದಲು 6.5% ಹಿಡಿದರೆ ಉತ್ತರವೂ ಇಳಿಯುತ್ತದೆ. ಸುಮ್ನೆ ಒಂದೇ ಅಂಕಿಗೆ ಅಂಟಿಕೊಳ್ಳಬೇಡಿ.

ಆದರೂ 1978ರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಓಕನ್ ಅಂದಾಜು ಮಾಡಿದ್ದು ಸುಮಾರು 10%. ಅದಕ್ಕಿಂತ ಇದು ಎಷ್ಟೋ ಕಡಿಮೆ ಅಲ್ವಾ? ತಡವಾಗಿಯಾದರೂ ಬಂದ ನಂಬಿಕೆಗೆ ಇದರಲ್ಲಿ ಪಾಲಿದೆ. ಪೂರ್ತಿ ಅದರಿಂದಲೇ ಅಲ್ಲ, ತೈಲ ಬೆಲೆ ಇಳಿದದ್ದೂ, ಡಾಲರ್ ಬಲವಾದದ್ದೂ ನೆರವಾಯಿತು.

ನಂಬಿಕೆ ಬಂದಿದೆಯೋ ಇಲ್ಲವೋ ತಿಳಿಯಲು ದೀರ್ಘಾವಧಿ ಸರ್ಕಾರಿ ಬಾಂಡ್ ನೋಡಿ. 1984ರ ಜೂನ್‌ನಲ್ಲಿ ಹಣದುಬ್ಬರ 4% ಆಸುಪಾಸು ಇತ್ತು, 10 ವರ್ಷದ ಬಾಂಡ್ ಬಡ್ಡಿ ಮಾತ್ರ 13.5% ಮೇಲೆ. ಸರ್ಕಾರದ ದೊಡ್ಡ ಕೊರತೆಯೂ ಇದಕ್ಕೆ ಒಂದು ಕಾರಣ. ಆದರೆ ಬೆಲೆ ಮತ್ತೆ ಏರುತ್ತದೆ ಎಂಬ ಭಯ ಸಾಲ ಕೊಡುವವರನ್ನು ಇನ್ನೂ ಬಿಟ್ಟಿರಲಿಲ್ಲ. ಆ ಬಡ್ಡಿ 8%ಕ್ಕಿಂತ ಕೆಳಗೆ ಬಂದದ್ದು 1986ರಲ್ಲಿ.

ಪರೀಕ್ಷೆಯಲ್ಲಿ ಬರೆಯುವಾಗ ಒಂದು ವಿಷಯ ಮರೀಬೇಡಿ. ಹಣದುಬ್ಬರ ಸಹಿಸದ ಬ್ಯಾಂಕ್ ಅಂತ ಹೆಸರಾಗಿದ್ದ ಜರ್ಮನಿಯ ಬುಂಡೆಸ್‌ಬ್ಯಾಂಕ್‌ಗೂ ಈ ಕೆಲಸ ಅಗ್ಗದಲ್ಲಿ ಆಗಲಿಲ್ಲ. ಅಲ್ಲಿನ ರೇಶಿಯೊ ಅಮೆರಿಕಕ್ಕಿಂತ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಇದಕ್ಕೆ ಒಂದು ವಿವರಣೆ ಹೀಗಿದೆ: ಬೆಲೆ ಸ್ಥಿರವಾಗಿರುವ ದೇಶದಲ್ಲಿ ಜನ ಸಂಬಳ, ಬೆಲೆಗಳನ್ನು ಪದೇ ಪದೇ ಬದಲಿಸುವುದಿಲ್ಲ. ಹಾಗಾಗಿ ಬ್ಯಾಂಕನ್ನು ನಂಬಿದರೂ ಹಳೆಯ ಒಪ್ಪಂದ ಮುಗಿಯುವವರೆಗೆ ಹಳೆಯ ದರವೇ ನಡೆಯುತ್ತದೆ.