ಬ್ಯಾಕ್‌ಪಾಸ್ ನಿಯಮದ ನಿಮ್ಮ ಲೇಖನ: ಎಲ್ಲಿ ತಿದ್ದಬೇಕು

"ನಮಸ್ಕಾರ ಸರ್. ಫುಟ್‌ಬಾಲ್‌ನ ಬ್ಯಾಕ್‌ಪಾಸ್ ನಿಯಮದ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. 1992ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕ್ ಬ್ಯಾಕ್‌ಪಾಸ್ ಮಾಡಿ ಮಾಡಿ ಗೆದ್ದಿದ್ದರಿಂದ ಫಿಫಾ ಈ ನಿಯಮ ತಂದಿತು, ಆಮೇಲೆ ಟೈಮ್ ವೇಸ್ಟ್ ಮಾಡೋದು ನಿಂತುಹೋಯಿತು, ಗೋಲ್‌ಕೀಪರ್‌ಗಳು ಕಾಲಲ್ಲಿ ಆಡೋದು ಕಲಿತರು ಅಂತ ಬರೆದಿದ್ದೇನೆ. ಇದು ನನ್ನ ಮೊದಲ ಲೇಖನ. ಮುಲಾಜಿಲ್ಲದೆ ಹೇಳಿ, ಹಾಕಬಹುದಾ? ಎಲ್ಲಿ ತಿದ್ದಬೇಕು?"

ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆ ಸಲೀಸಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಒಂದು ಕಡೆ ತಾರೀಖು ಅಡ್ಡ ಬರುತ್ತದೆ, ಇನ್ನೊಂದು ಕಡೆ ಆತುರದಲ್ಲಿ ತೀರ್ಪು ಕೊಟ್ಟಿದ್ದೀರಿ. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ, ಹಳೆಯ ಆಟ ಹೇಗಿತ್ತು ಅನ್ನೋದು ನಿಮ್ಮ ಲೇಖನದಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಮೊದಲು ತಾರೀಖು. ತನ್ನ ತಂಡದವನು ಬೇಕಂತಲೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದು ಅನ್ನುವ ಈ ನಿಯಮಕ್ಕೆ ಒಪ್ಪಿಗೆ ಸಿಕ್ಕಿದ್ದು 1992ರ ಮೇ ತಿಂಗಳಲ್ಲಿ. ಯೂರೋ ಶುರುವಾಗಿದ್ದು ಜೂನ್ 10ಕ್ಕೆ, ಡೆನ್ಮಾರ್ಕ್ ಫೈನಲ್‌ನಲ್ಲಿ ಜರ್ಮನಿಯನ್ನು 2-0 ಗೋಲಿನಿಂದ ಸೋಲಿಸಿದ್ದು ಜೂನ್ 26ಕ್ಕೆ. ಡೆನ್ಮಾರ್ಕ್ ಆಟಗಾರರು ಸುಸ್ತಾದಾಗಲೆಲ್ಲ ತಮ್ಮ ಗೋಲ್‌ಕೀಪರ್ ಪೀಟರ್ ಶ್ಮೈಕಲ್ ಕಡೆಗೆ ಚೆಂಡು ತಳ್ಳುತ್ತಿದ್ದದ್ದು, ಅವರು ಬಗ್ಗಿ ಎತ್ತಿಕೊಳ್ಳುತ್ತಿದ್ದದ್ದು ನಿಜ. ಆದರೆ ಅದು ನಿಯಮಕ್ಕೆ ಕಾರಣವಲ್ಲ, ಹಳೆಯ ಪದ್ಧತಿಯ ಕೊನೆಯ ದೊಡ್ಡ ಟೂರ್ನಿ ಅಷ್ಟೇ. ಒಂದೇ ತಿಂಗಳಲ್ಲಿ ಬಾರ್ಸಿಲೋನಾ ಒಲಿಂಪಿಕ್ಸ್ ಹೊಸ ನಿಯಮದಲ್ಲಿ ನಡೆಯಿತು. ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ, ಕಥೆ ಚೆನ್ನಾಗಿ ಕೂರುತ್ತದೆ ಅಂತ. ಇನ್ನೊಂದು ವಿಷಯ, ನಿಯಮ ಮಾಡುವುದು ಫಿಫಾ ಒಂದೇ ಅಲ್ಲ. ಅದಕ್ಕೆ ಐಎಫ್‌ಎಬಿ ಅಂತ ಬೇರೆ ಮಂಡಳಿ ಇದೆ. ಬ್ರಿಟನ್‌ನ ನಾಲ್ಕು ಸಂಘಗಳಿಗೆ ತಲಾ ಒಂದು ವೋಟು, ಫಿಫಾಗೆ ನಾಲ್ಕು. ಇಷ್ಟನ್ನು ಒಂದು ಸಾಲಿನಲ್ಲಿ ಸರಿಮಾಡಿ ಮುಂದೆ ಹೋಗಿ.

ಕಾರಣ ಹುಡುಕಬೇಕಾದರೆ ಎರಡು ವರ್ಷ ಹಿಂದಕ್ಕೆ, 1990ರ ಇಟಲಿ ವಿಶ್ವಕಪ್‌ಗೆ ಹೋಗಿ. 52 ಪಂದ್ಯ, 115 ಗೋಲು. ಪಂದ್ಯಕ್ಕೆ ಸರಾಸರಿ 2.21, ವಿಶ್ವಕಪ್ ಇತಿಹಾಸದಲ್ಲೇ ಅಷ್ಟು ಕಡಿಮೆ ಇನ್ನೊಂದಿಲ್ಲ. ಜೂನ್ 17ಕ್ಕೆ ಪಲೆರ್ಮೋದಲ್ಲಿ ಐರ್ಲೆಂಡ್ ಮತ್ತು ಈಜಿಪ್ಟ್ ಆಡಿದ ಪಂದ್ಯ ಸಿಕ್ಕರೆ ಪೂರ್ತಿ ನೋಡಿ. 0-0. ಐರ್ಲೆಂಡ್ ಗೋಲ್‌ಕೀಪರ್ ಪ್ಯಾಕಿ ಬಾನರ್ ಕೈಯಲ್ಲೇ ಚೆಂಡು ಸುಮಾರು ಆರು ನಿಮಿಷ ಇತ್ತು ಅಂತ ಲೆಕ್ಕ ಹಾಕಿದವರಿದ್ದಾರೆ. ಇದು ಎಷ್ಟೋ ಕಡೆ ಬರುವ ಮಾಹಿತಿ, ನಿಮ್ಮ ಲೇಖನದಲ್ಲೂ ಬರಬಹುದು. ಆದರೆ ಬರೀ ಆರು ನಿಮಿಷ ಅಂದರೆ ಓದುಗರಿಗೆ ಏನೂ ಅನ್ನಿಸಲ್ಲ. ಅದು ಹೇಗೆ ಸಾಧ್ಯವಾಯಿತು ಅಂತ ತೋರಿಸಿ.

ಹೀಗೆ ನಡೆಯುತ್ತಿತ್ತು. ಕೀಪರ್ ಕೈಯಲ್ಲಿ ಚೆಂಡಿದೆ. ಆಗಿನ ನಿಯಮದಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಮಾತ್ರ ಇಡಬಹುದು, ಹಾಗಾಗಿ ಗೋಲಿನ ಮುಂದಿನ ಬಾಕ್ಸ್ ಆಚೆ ನಿಂತಿರುವ ಫುಲ್‌ಬ್ಯಾಕ್, ಅಂದರೆ ಬದಿಯ ಡಿಫೆಂಡರ್ ಕಡೆಗೆ ಉರುಳಿಸುತ್ತಾನೆ. ಎದುರಾಳಿ ಸ್ಟ್ರೈಕರ್ ಇಪ್ಪತ್ತು ಮೂವತ್ತು ಮೀಟರ್ ಓಡಿ ಬರುತ್ತಾನೆ. ಇನ್ನೇನು ಹತ್ತಿರ ಬಂದ ಅನ್ನುವಾಗ ಫುಲ್‌ಬ್ಯಾಕ್ ಕಾಲಿನ ಒಳಬದಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾನೆ. ಕೀಪರ್ ಬಗ್ಗಿ ಎತ್ತಿ ಎದೆಗೆ ಅವಚಿಕೊಳ್ಳುತ್ತಾನೆ. ಸ್ಟ್ರೈಕರ್ ಸೊಂಟದ ಮೇಲೆ ಕೈಯಿಟ್ಟುಕೊಂಡು ವಾಪಸ್ ನಡೆಯುತ್ತಾನೆ. ಮತ್ತೆ ಉರುಳಿಸು, ಮತ್ತೆ ಎತ್ತಿಕೋ. ಒಂದು ಸುತ್ತಿಗೆ 20 ಸೆಕೆಂಡ್ ಅಂದುಕೊಂಡರೂ ಮೂರು ಸುತ್ತಿಗೆ ಒಂದು ನಿಮಿಷ ಹೋಯಿತು, ಯಾರೂ ಯಾವ ನಿಯಮವನ್ನೂ ಮುರಿದಿಲ್ಲ.

ಇಲ್ಲಿ ನೀವು ಹಿಡಿಯಬೇಕಾದ ಎಳೆ ಇದೆ, ನಿಮ್ಮ ಲೇಖನದಲ್ಲಿ ಕಾಣದೇ ಇರೋದೂ ಇದೇ. ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿದ ಮೇಲೆ ಅವನ ಹತ್ತಿರದಿಂದ ಅದನ್ನು ಕಸಿದುಕೊಳ್ಳುವ ಹಾಗಿಲ್ಲ. ಅಂದರೆ ಡಿಫೆಂಡರ್‌ಗೆ ಯಾವಾಗಲೂ ಒಂದು ತಪ್ಪಿಸಿಕೊಳ್ಳುವ ದಾರಿ ಇದ್ದೇ ಇತ್ತು. ಹಾಗಿರುವಾಗ ಸ್ಟ್ರೈಕರ್ ಯಾಕೆ ಓಡಬೇಕು? ಎರಡು ಸಲ ಓಡಿ, ಮೂರನೇ ಸಲ ಅವನು ನಿಂತುಬಿಡುತ್ತಾನೆ, ಅಲ್ವಾ? ಅವನು ನಿಂತ ಮೇಲೆ ಆಟವೂ ನಿಂತಿತು. ಹೊಸ ನಿಯಮ ಆ ದಾರಿ ಮುಚ್ಚಿತು. ಹಿಂದಕ್ಕೆ ಕೊಟ್ಟರೂ ಚೆಂಡು ಇನ್ನೂ ನೆಲದ ಮೇಲೇ ಇರುತ್ತದೆ, ಓಡಿದರೆ ಸಿಗಬಹುದು. ಇವತ್ತು ಮುಂದಿನ ಮೂವರು ಎದುರಾಳಿಯ ಬಾಕ್ಸ್‌ವರೆಗೂ ಹೋಗಿ ಒತ್ತಡ ಹಾಕುತ್ತಾರಲ್ಲ, ಆ ಓಟಕ್ಕೆ ಬೆಲೆ ಬಂದಿದ್ದು ಆಮೇಲೆಯೇ.

ನಿಯಮವನ್ನು ಹೇಳುವಾಗಲೂ ಅವಸರ ಮಾಡಿದ್ದೀರಿ. ನಿಮ್ಮ ಎರಡನೇ ಪ್ಯಾರಾ ಓದಿದರೆ, ತನ್ನ ತಂಡದವನಿಂದ ಬಂದ ಯಾವ ಚೆಂಡನ್ನೂ ಕೀಪರ್ ಕೈಯಲ್ಲಿ ಮುಟ್ಟಬಾರದು ಅನ್ನಿಸುತ್ತದೆ. ಹಾಗಲ್ಲ. ಬೇಕಂತಲೇ ಕೊಟ್ಟಿರಬೇಕು, ಅದೂ ಕಾಲಿನಿಂದ ಒದ್ದಿರಬೇಕು. ಟ್ಯಾಕಲ್ ಮಾಡುವಾಗ ಕಾಲಿಗೆ ತಗುಲಿ ಹಿಂದಕ್ಕೆ ಉರುಳಿದರೆ ಎತ್ತಿಕೊಳ್ಳಬಹುದು. ತಲೆಯಿಂದ, ಎದೆಯಿಂದ, ಮಂಡಿಯಿಂದ ಕೊಟ್ಟರೂ ಎತ್ತಿಕೊಳ್ಳಬಹುದು. ಹಾಗಂತ ಡಿಫೆಂಡರ್ ನೆಲದ ಚೆಂಡನ್ನು ಕಾಲಲ್ಲೇ ಮೇಲಕ್ಕೆತ್ತಿ ತಲೆಯಿಂದ ಕೀಪರ್‌ಗೆ ಕೊಟ್ಟರೆ ಅದು ನಿಯಮ ತಪ್ಪಿಸುವ ಕಳ್ಳದಾರಿ. ಕೀಪರ್ ಮುಟ್ಟಲಿ ಬಿಡಲಿ, ಹಳದಿ ಕಾರ್ಡ್ ಬೀಳುತ್ತದೆ. ಥ್ರೋ-ಇನ್‌ನಿಂದ ಕೊಡುವುದನ್ನು ಮಾತ್ರ ಮೊದಲು ಬಿಟ್ಟಿದ್ದರು. ಜನ ಅಲ್ಲಿಂದಲೇ ಟೈಮ್ ಎಳೆಯಲು ಶುರುಮಾಡಿದ್ದರಿಂದ 1997ರಲ್ಲಿ ಅದನ್ನೂ ಸೇರಿಸಿದರು.

"ಗೋಲ್‌ಕೀಪರ್‌ಗಳು ಕಾಲಲ್ಲಿ ಆಡೋದು ಕಲಿತರು." ಈ ಒಂದು ವಾಕ್ಯದೊಳಗೆ ಎಷ್ಟು ವರ್ಷದ ಕಷ್ಟ ಇದೆ ಗೊತ್ತಾ? ಮೊದಲ ಕೆಲವು ವರ್ಷ ಬಹಳಷ್ಟು ಕೀಪರ್‌ಗಳು ಕಲಿಯಲಿಲ್ಲ, ಚೆಂಡು ಬಂದರೆ ಸಾಕು ಗ್ಯಾಲರಿ ಕಡೆಗೆ ಬೀಸಿ ಒದೆಯುತ್ತಿದ್ದರು. ನಾನು ಆಗ ಕಾಲೇಜು ತಂಡದಲ್ಲಿ ಕೀಪರ್. ನಮ್ಮ ಮೈದಾನದಲ್ಲಿ ಗೋಲಿನ ಮುಂದೆ ಹುಲ್ಲೇ ಇರಲಿಲ್ಲ, ಒಣಗಿದ ಕೆಸರಿನ ಗಡ್ಡೆಗಳು. ಉರುಳಿ ಬರುವ ಚೆಂಡು ಕೊನೇ ಒಂದು ಅಡಿಯಲ್ಲಿ ಯಾವ ಕಡೆ ಪುಟಿಯುತ್ತದೆ ಅಂತ ಹೇಳಲು ಆಗುತ್ತಿರಲಿಲ್ಲ. ಕೈ ಇದ್ದಾಗ ಮೈಯನ್ನೇ ಅಡ್ಡ ಇಟ್ಟು ಹಿಡಿಯಬಹುದಿತ್ತು. ಕಾಲು ಬೀಸುವಾಗ ಒಂದು ಇಂಚು ಆಚೀಚೆ ಆದರೆ ಮುಗಿಯಿತು.

ಇದಕ್ಕೆ 2006ರ ಅಕ್ಟೋಬರ್ 11ಕ್ಕಿಂತ ಒಳ್ಳೆ ಉದಾಹರಣೆ ನಿಮಗೆ ಸಿಗಲ್ಲ. ಜಾಗ್ರೆಬ್‌ನಲ್ಲಿ ಯೂರೋ ಅರ್ಹತಾ ಪಂದ್ಯ, ಕ್ರೊಯೇಶಿಯಾ 1-0 ಮುಂದಿದೆ. ಇಂಗ್ಲೆಂಡ್‌ನ ಗ್ಯಾರಿ ನೆವಿಲ್ ತಮ್ಮ ಕೀಪರ್ ಪಾಲ್ ರಾಬಿನ್ಸನ್‌ಗೆ ಸಾಧಾರಣವಾದ ಒಂದು ಪಾಸ್ ಹಿಂದಕ್ಕೆ ಕೊಟ್ಟರು. ರಾಬಿನ್ಸನ್ ಮೊದಲ ಹೊಡೆತಕ್ಕೇ ದೂರ ಕಳಿಸಲು ಕಾಲು ಬೀಸಿದರು. ಅದೇ ಗಳಿಗೆಗೆ ಚೆಂಡು ನೆಲದ ಉಬ್ಬಿಗೆ ತಾಗಿ ಪುಟಿದು ಅವರ ಬೂಟಿನ ಮೇಲಿಂದ ಹಾರಿತು. ಕಾಲು ಗಾಳಿಯಲ್ಲಿ, ಚೆಂಡು ಬಲೆಯಲ್ಲಿ. 2-0. ಲೆಕ್ಕದಲ್ಲಿ ನೆವಿಲ್ ಹೆಸರಲ್ಲಿ ಸ್ವಂತ ಗೋಲು. 1992ಕ್ಕೆ ಮೊದಲಾಗಿದ್ದರೆ ಬಗ್ಗಿ ಎತ್ತಿಕೊಂಡು ಬಿಡುತ್ತಿದ್ದರು, ಯಾರಿಗೂ ನೆನಪಿರುತ್ತಿರಲಿಲ್ಲ.

ಈ ಗೋಲನ್ನು ಬರೆಯುವಾಗ ರಾಬಿನ್ಸನ್ ದುರದೃಷ್ಟ ಅಂತ ಬಿಡಬೇಡಿ. ಪಾಸ್ ಯಾವ ಗೆರೆಯಲ್ಲಿ ಬಂತು ಅಂತ ನೋಡಿ. ಅದು ಎರಡು ಕಂಬಗಳ ನಡುವೆ, ಗೋಲಿಗೆ ನೇರ ಬಂದಿತ್ತು. ಅದಕ್ಕೇ ಕೋಚ್‌ಗಳು ಡಿಫೆಂಡರ್‌ಗಳಿಗೆ ಹೇಳಿಕೊಡೋದು: ಹಿಂದಕ್ಕೆ ಕೊಡುವಾಗ ಕಂಬದ ಆಚೆಗೆ ಕೊಡಿ, ಕೀಪರ್ ಅಲ್ಲಿಗೆ ಸರಿದು ನಿಲ್ಲಲಿ. ತಪ್ಪಿದರೂ ಕಾರ್ನರ್ ಹೋಗುತ್ತದೆ, ಗೋಲು ಹೋಗುವುದಿಲ್ಲ. ಮುಂದಿನ ಪಂದ್ಯ ನೋಡುವಾಗ ಗಮನಿಸಿ, ಒಳ್ಳೆ ಕೀಪರ್ ಪಾಸ್ ಬರುವ ಮೊದಲೇ ಗೋಲಿನ ಅಗಲದಿಂದ ಹೊರಗೆ ಸರಿದು ಕೈ ತೋರಿಸಿ ಕೇಳುತ್ತಿರುತ್ತಾನೆ. ನಿಯಮ ಕೀಪರ್‌ನ ಕಾಲನ್ನಷ್ಟೇ ಅಲ್ಲ, ಅವನು ನಿಲ್ಲುವ ಜಾಗವನ್ನೂ ಬದಲಾಯಿಸಿತು.

ಅಲ್ಲಿಂದ ಮುಂದಿನ ಹೆಜ್ಜೆ ನೀವು ಬರೆದಿರುವ ಹಾಗೇ ಇದೆ. ಕಾಲಲ್ಲಿ ಚೆನ್ನಾಗಿ ಆಡುವ ಕೀಪರ್‌ಗಳು, ಅಯಾಕ್ಸ್ ಕ್ಲಬ್‌ನಲ್ಲಿ ವಾನ್ ಡೆರ್ ಸಾರ್, ಆಮೇಲೆ ಜರ್ಮನಿಯ ನೊಯರ್, 2016ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಬಂದ ಕೂಡಲೇ ಕೋಚ್ ಗಾರ್ಡಿಯೋಲಾ ಕೀಪರ್ ಜೋ ಹಾರ್ಟ್‌ರನ್ನು ಬದಿಗಿಟ್ಟಿದ್ದು. ಸರಿಯಾಗಿದೆ, ಆದರೆ ಹೆಸರುಗಳ ಪಟ್ಟಿ ಜಾಸ್ತಿಯಾಯಿತು. ಹಾರ್ಟ್ ಒಬ್ಬರ ಕಥೆ ಇಟ್ಟುಕೊಳ್ಳಿ, ಉಳಿದದ್ದು ತೆಗೆಯಿರಿ. ಗೋಲು ತಡೆಯುವುದರಲ್ಲಿ ಇಂಗ್ಲೆಂಡ್‌ನ ನಂಬರ್ ಒನ್ ಆಗಿದ್ದವರು ಪಾಸ್ ಆಡುವ ಕಾಲು ಸಾಲದು ಅಂತ ಜಾಗ ಕಳೆದುಕೊಂಡರು. ಅಷ್ಟು ಹೇಳಿದರೆ ಓದುಗರಿಗೆ ಅರ್ಥವಾಗುತ್ತದೆ.

ಕೊನೆಯದಾಗಿ, ಟೈಮ್ ವೇಸ್ಟ್ ನಿಂತುಹೋಯಿತು ಅನ್ನುವ ನಿಮ್ಮ ತೀರ್ಪು. ಇದನ್ನು ನಾನು ಒಪ್ಪುವುದಿಲ್ಲ. ನಿಂತಿದ್ದು ಆ ಒಂದು ದಾರಿ. ಕ್ರಾಸ್ ಹಿಡಿದ ಕೀಪರ್, ಶಾಟ್ ತಡೆದ ಕೀಪರ್ ಚೆಂಡನ್ನು ಅಪ್ಪಿಕೊಂಡು ನೆಲಕ್ಕೆ ಬಿದ್ದು ನಿಧಾನ ಏಳುವುದು ಹಾಗೇ ಮುಂದುವರಿಯಿತು. 2000ದಲ್ಲಿ ನಾಲ್ಕು ಹೆಜ್ಜೆಯ ಲೆಕ್ಕ ಬಿಟ್ಟು, ಆರು ಸೆಕೆಂಡ್ ಮಾತ್ರ ಕೈಯಲ್ಲಿ ಹಿಡಿದಿರಬಹುದು ಅಂತ ಮಾಡಿದರು. ಅದಕ್ಕೂ ಶಿಕ್ಷೆ ಬ್ಯಾಕ್‌ಪಾಸ್‌ಗೆ ಇರುವುದೇ, ಬಾಕ್ಸ್ ಒಳಗೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ಇನ್ನೊಬ್ಬ ಆಟಗಾರನಿಗೆ ತಾಗದೆ ಗೋಲು ಆಗದ ಒದೆತ. ಗೋಲಿನಿಂದ ಕೆಲವೇ ಗಜ ದೂರ, ಹನ್ನೊಂದೂ ಜನ ಗೆರೆಯ ಮೇಲೆ ಗೋಡೆ ಕಟ್ಟಿ ನಿಲ್ಲುತ್ತಾರೆ, ತಳ್ಳಾಟ, ಜಗಳ. ಒಂದೆರಡು ಸೆಕೆಂಡ್ ತಡವಾಗಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಕೊಡಲು ರೆಫ್ರಿಗಳಿಗೆ ಮನಸ್ಸು ಬರುತ್ತಿರಲಿಲ್ಲ, ಸೀಟಿ ಊದುತ್ತಲೇ ಇರಲಿಲ್ಲ. ಕೊಟ್ಟಾಗ ಏನಾಗುತ್ತದೆ ಅಂತ 2012ರ ಒಲಿಂಪಿಕ್ಸ್ ಮಹಿಳಾ ಸೆಮಿಫೈನಲ್‌ನಲ್ಲಿ ಕಂಡಿತು. ಕೆನಡಾ 3-2 ಮುಂದಿದ್ದಾಗ ಕೀಪರ್ ಎರಿನ್ ಮೆಕ್‌ಲೌಡ್ ಮೇಲೆ ಈ ತಪ್ಪು ಹೊರಿಸಿದರು. ಆ ಫ್ರೀ ಕಿಕ್‌ನಿಂದ ಹ್ಯಾಂಡ್‌ಬಾಲ್, ಅದರಿಂದ ಪೆನಾಲ್ಟಿ, ಅಮೆರಿಕ ಸಮ ಮಾಡಿಕೊಂಡು ಕೊನೆಗೆ 4-3ಕ್ಕೆ ಗೆದ್ದಿತು. ಕೆನಡಾದವರ ಸಿಟ್ಟು ಎಷ್ಟೋ ವರ್ಷ ಆರಲಿಲ್ಲ.

ಅದಕ್ಕೇ 2025ರಲ್ಲಿ ಎರಡನ್ನೂ ಬದಲಿಸಿದರು. ಸಮಯ ಎಂಟು ಸೆಕೆಂಡಿಗೆ ಏರಿತು, ಶಿಕ್ಷೆ ಕಾರ್ನರ್‌ಗೆ ಇಳಿಯಿತು. ಕೊನೆಯ ಐದು ಸೆಕೆಂಡನ್ನು ರೆಫ್ರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸುತ್ತಾರೆ. ಬ್ಯಾಕ್‌ಪಾಸ್ ಹಿಡಿದರೆ ಮಾತ್ರ ಇವತ್ತಿಗೂ ಇನ್‌ಡೈರೆಕ್ಟ್ ಫ್ರೀ ಕಿಕ್ಕೇ. ನಿಯಮದ ಮಟ್ಟಿಗೆ ನಿಮ್ಮ ಲೇಖನ 1992ಕ್ಕೆ ನಿಂತುಬಿಟ್ಟಿದೆ, ಇಲ್ಲಿವರೆಗೆ ಬರಲಿ.

ಪಲೆರ್ಮೋದ ಆ ಸ್ಟ್ರೈಕರ್ ಓಡಿ ಬಂದು ನಿಂತುಬಿಡುವುದರಿಂದ ಶುರುಮಾಡಿ. ಮೊದಲ ಪ್ಯಾರಾದಲ್ಲಿರುವ ಫುಟ್‌ಬಾಲ್ ಇತಿಹಾಸದ ಪೀಠಿಕೆ ಪೂರ್ತಿ ತೆಗೆಯಿರಿ. ಎಂಟುನೂರು ಪದದೊಳಗೆ ಮುಗಿಸಿ ವಾಪಸ್ ಕಳಿಸಿ, ಈ ಸಲ ನಾನೇ ಕೂತು ಸಾಲು ಸಾಲು ಓದುತ್ತೇನೆ.