ಲಾಭವಿದೆ, ನಗದಿಲ್ಲ: ಲೆಕ್ಕಶಾಸ್ತ್ರವನ್ನು ಓದುವ ಒಂದು ಬಗೆ

“ಸರ್, ಬಿ.ಕಾಂ. ಮೊದಲ ವರ್ಷದಲ್ಲಿದ್ದೇನೆ. ಡೆಬಿಟ್, ಕ್ರೆಡಿಟ್ ನಿಯಮಗಳ ಬಾಯಿಪಾಠ ಬೇಸರ ತಂದಿದೆ. ಹೇಗೆ ಓದಲಿ?”

ನಿಯಮಗಳನ್ನು ಸದ್ಯಕ್ಕೆ ಬದಿಗಿಡಿ. ವ್ಯಾಪಾರಿಯೊಬ್ಬರು 1,00,000 ರೂಪಾಯಿ ಬಂಡವಾಳದಲ್ಲಿ 60,000 ಕೊಟ್ಟು ಸೀರೆಗಳನ್ನು ಕೊಂಡು, ಅಷ್ಟನ್ನೂ ಮಾರ್ಚ್ ಕೊನೆಯಲ್ಲಿ 90,000ಕ್ಕೆ ಒಬ್ಬ ಗಿರಾಕಿಗೆ ಉದ್ರಿ ಮಾರಿದರೆನ್ನಿ. ಬೇರೆ ಖರ್ಚಿಲ್ಲದಿದ್ದರೆ ಲಾಭ 30,000. ಕೈಯಲ್ಲಿರುವ ನಗದು ಮಾತ್ರ 40,000. ಮಾರಾಟದ 90,000 ಪೂರ್ತಿ ಗಿರಾಕಿಯಿಂದ ಬರಬೇಕಾದ ಬಾಕಿ. ಆದ್ದರಿಂದಲೇ ಗಿರಾಕಿಯ ಖಾತೆಗೆ ಡೆಬಿಟ್, ಮಾರಾಟ ಖಾತೆಗೆ ಕ್ರೆಡಿಟ್. ಪ್ರತಿ ಲೆಕ್ಕದಲ್ಲೂ ಜರ್ನಲ್ ಬರೆಯುವ ಮೊದಲು ನಗದು, ಲಾಭ, ಬಾಕಿ ಎಷ್ಟು ಬದಲಾಗುತ್ತವೆಂದು ಊಹಿಸಿ ಬರೆದಿಟ್ಟು, ಬಳಿಕ ಬ್ಯಾಲೆನ್ಸ್ ಶೀಟಿನೊಂದಿಗೆ ಹೋಲಿಸಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದೊಡನೆ ಪುಸ್ತಕ ಮುಚ್ಚುವುದು ನಮ್ಮ ತರಗತಿಗಳ ಹಳೆಯ ಚಾಳಿ. ಆದರೆ ಈ 90,000 ಅನ್ನು ತಪ್ಪಿ ಬೇರೊಬ್ಬ ಗಿರಾಕಿಯ ಖಾತೆಗೆ ಬರೆದರೂ ಅದು ತಾಳೆಯಾಗಿಯೇ ಇರುತ್ತದೆ.